ನಾಲ್ಕು ಮಂದಿ ಕೂಡಿ ಓದೂದು ಹೆಂಗ?

ಕೂಡಿ ಓದಲು ಕುಳಿತರೆ ಅರ್ಧ ತಾಸಿನಾಗ ಮಾತು ಕ್ರಿಕೆಟ್ಟಿಗೆ ಹೋಗುತ್ತದೆ. ಕೈಯಾಗ ಕೆಲಸ ಇಲ್ಲದವರೇ ಹರಟೆ ಶುರು ಮಾಡುತ್ತಾರೆ. 1971ರಲ್ಲಿ ಅಮೆರಿಕದ ಆಸ್ಟಿನ್ ಊರಿನ ಶಾಲೆಗಳಲ್ಲಿ ಎಲಿಯಟ್ ಅರಾನ್ಸನ್ ಎಂಬುವರು ಪಾಠವನ್ನು ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದು ತುಂಡು ಕೊಟ್ಟು, ಉಳಿದವರಿಗೆ ಹೇಳಿಕೊಡಲು ಹಚ್ಚಿದರು.

ನಮ್ಮ ಗುಂಪಿನಲ್ಲಿ ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಒಬ್ಬರು ಬರೆಯುವವರು, ಒಬ್ಬರು ಗಡಿಯಾರ ನೋಡುವವರು. ಹೇಳುವವರು ಮನೆಯಲ್ಲೇ ಓದಿಕೊಂಡು ಬರಬೇಕು.

ಮೊನ್ನೆ ಚಕ್ರಬಡ್ಡಿ ತೆಗೆದುಕೊಂಡೆವು. ಬನಹಟ್ಟಿಯ ನೇಕಾರರೊಬ್ಬರು ಮಗ್ಗಕ್ಕೆ 1000 ರೂಪಾಯಿ ಸಾಲ ತಂದರೆಂದು ತಿಳಿಯಿರಿ. ಬಡ್ಡಿ ವರ್ಷಕ್ಕೆ ಶೇಕಡಾ 10. ಎರಡು ವರ್ಷಕ್ಕೆ ಸರಳಬಡ್ಡಿ 200, ಚಕ್ರಬಡ್ಡಿ 210. ಕೇಳುವವಳು, “ಮ್ಯಾಲಿನ 10 ರೂಪಾಯಿ ಎಲ್ಲಿಂದ ಬಂತು?” ಅಂದಳು. ಇಲ್ಲಿ “ಸೂತ್ರದಾಗ ಹಂಗ ಐತಿ” ಎಂದರೆ ಹೇಳುವವನಿಗೇ ತಿಳಿದಿಲ್ಲ ಎಂದು ಅರ್ಥ. ಅವನು ಯೋಚಿಸಿ, “ಮೊದಲ ವರ್ಷದ ಬಡ್ಡಿ 100 ರೂಪಾಯಿ ಅಸಲಿಗೆ ಕೂಡಿತು. ಆ ನೂರಕ್ಕೂ ಎರಡನೇ ವರ್ಷ 10 ರೂಪಾಯಿ ಬಡ್ಡಿ ಬಿತ್ತು” ಎಂದು ಬಿಡಿಸಿದ. ಬರೆಯುವವರು ಅದನ್ನೇ ಬರೆದುಕೊಂಡರು.

ಹೇಳಲು 15 ನಿಮಿಷ, ಪ್ರಶ್ನೆಗೆ 10 ನಿಮಿಷ. ಆಮೇಲೆ ಪುಸ್ತಕ ಮುಚ್ಚಿ, ಬೇರೆ ಅಂಕಿ ಹಾಕಿದ ಲೆಕ್ಕವನ್ನು ಒಬ್ಬೊಬ್ಬರೇ ಮಾಡಬೇಕು. ಕೇಳುವಾಗ ತಲೆ ಆಡಿಸಿದವರಿಗೆ ತಿಳಿದಿತ್ತೋ ಇಲ್ಲವೋ ಇಲ್ಲಿ ಗೊತ್ತಾಗುತ್ತದೆ. ತಪ್ಪಿದವರು ಆ ಲೆಕ್ಕವನ್ನು ತಾವೇ ಮತ್ತೆ ಹೇಳಬೇಕು.

ಹರಟೆ ನೆನಪಾದರೆ ಹಾಳೆಯ ಹಿಂದೆ ಬರೆದಿಡಿ, ಕಡೀಕ ಮಾತಾಡೋಣ. ನಾಲ್ವರಿಗೂ ತಿಳಿಯದ್ದನ್ನು ವಾದ ಮಾಡದೆ ಗುರುಗಳಿಗೆ ಕೇಳಬೇಕು. ಮರುದಿನ ಕೆಲಸ ಅದಲು ಬದಲು ಮಾಡಿಕೊಳ್ಳಿರಿ. ಇಲ್ಲದಿದ್ದರೆ ಜಾಣನೊಬ್ಬನೇ ದಿನಾಲೂ ಹೇಳುತ್ತಾನೆ, ಕಲಿಯುವವನೂ ಅವನೊಬ್ಬನೇ ಆಗುತ್ತಾನೆ.