ಸೆನ್ಸರ್ ತಡವಾಯ್ತು, ಸೆಲ್ಲರ್‌ಗೆ ಏನಂತ ಬರೆಯೋಣ?

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಂಥ ಊರಲ್ಲಿ ಅಟ್ಟದ ಮೇಲೆ ಒಣಗೋ ಉಂಡೆ ಕೊಬ್ಬರಿಯ ತೇವ ನೋಡೋಕೆ ಒಂದು ಪ್ರಾಜೆಕ್ಟ್ ಅಂತಿಟ್ಟುಕೊಳ್ಳಿ. ತೇವಾಂಶದ ಸೆನ್ಸರ್ ಚೀನಾದಿಂದ ಬರಬೇಕು. ನವೆಂಬರ್ 5ಕ್ಕೆ ರಿವ್ಯೂ. ಸೆಪ್ಟೆಂಬರ್ ಕೊನೆಗೆ ಸೆಲ್ಲರ್ ಚಾಟ್‌ನಲ್ಲಿ ಚೀನೀ ಭಾಷೆಯ ಒಂದು ಸ್ಕ್ರೀನ್‌ಶಾಟ್ ಹಾಕುತ್ತಾರೆ:

```
09-29 已揽收
预计 10-11 发出
```

ಫೋನಿನ ಕ್ಯಾಮೆರಾ ಇದನ್ನು ಅನುವಾದಿಸಿ, ಮೊದಲ ಸಾಲಿಗೆ 'ಸ್ವೀಕರಿಸಲಾಗಿದೆ' ಅಂತ ತೋರಿಸಬಹುದು. ಅದನ್ನು ನೋಡಿದ ಕೂಡಲೇ 'ನಮಗೆ ಬಂದೇ ಇಲ್ವಲ್ಲ!' ಅಂತ ಜಗಳಕ್ಕಿಳಿಯಬಾರದು. 已揽收 ಅಂದರೆ ಕೊರಿಯರ್‌ನವರು ಸೆಲ್ಲರ್ ಕೈಯಿಂದ ಪಾರ್ಸೆಲ್ ತೆಗೆದುಕೊಂಡರು ಅಂತ ಅಷ್ಟೇ. ಎರಡನೇ ಸಾಲಿನಲ್ಲಿ ಎರಡು ಕಡೆ ಎಡವಬಹುದು. ಚೀನಾದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ 10-11 ಅಂದರೆ ಅಕ್ಟೋಬರ್ 11, ನಾವು ಓದೋ ಹಾಗೆ ನವೆಂಬರ್ 10 ಅಲ್ಲ. 发出 ಅಂದರೆ ಅಲ್ಲಿಂದ ಹೊರಡೋದು, ಇಲ್ಲಿಗೆ ತಲುಪೋದಲ್ಲ. 预计 ಅನ್ನೋದು ಅಂದಾಜು, ಮಾತು ಕೊಟ್ಟ ಹಾಗಲ್ಲ. ಅಕ್ಟೋಬರ್ 1ರಿಂದ ಅಲ್ಲಿ ರಾಷ್ಟ್ರೀಯ ದಿನದ ರಜೆ, ಸಾಮಾನ್ಯವಾಗಿ ಒಂದು ವಾರ. ತಡಕ್ಕೆ ಅದೇ ಕಾರಣ ಇರಬಹುದು.

ಅನುಮಾನ ಬಂದರೆ ಅನುವಾದವನ್ನು ಪಕ್ಕಕ್ಕಿಟ್ಟು ಮೂಲ ಚಿತ್ರದ ಅಂಕಿಗಳನ್ನೇ ನೋಡಬೇಕು. ಅಂಕಿಗೆ ಅನುವಾದ ಬೇಕಿಲ್ಲ. ಆಮೇಲೆ ಆರ್ಡರ್ ಪುಟದ ಟ್ರ್ಯಾಕಿಂಗ್ ನಂಬರ್ ಹಾಕಿ ತಾಳೆ ನೋಡಬೇಕು.

ಇನ್ನು ಉತ್ತರ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲೇ ಇರುತ್ತೆ: 'ಕಳಿಸು' ಬೇರೆ, 'ಕಳಿಸಿ' ಬೇರೆ. ಇಂಗ್ಲಿಷಿಗೆ ಹೋದರೆ ಎರಡೂ ಒಂದೇ ಆಗಿ, ಬರೀ ಅಪ್ಪಣೆಯ ಹಾಗೆ ಕೇಳಿಸುತ್ತೆ. ಆ ಕಡೆಯವರೂ ಅನುವಾದದಲ್ಲೇ ಓದೋದರಿಂದ, ಮರ್ಯಾದೆಯನ್ನು ಬೇರೆ ಪದಗಳಲ್ಲೇ ಹಾಕಬೇಕು. 'ದಯವಿಟ್ಟು', 'ತಿಳಿಸಬಹುದೇ?' ಅಂತ ಪ್ರಶ್ನೆಯಾಗಿ ಕೇಳಿದರೆ ಅನುವಾದದಲ್ಲೂ ಉಳಿಯುತ್ತೆ. 'ಸ್ವಲ್ಪ ನೋಡ್ಕೊಂಡು ಮಾಡಿ' ಅಂತ ಬರೆದರೆ ಏನೂ ಉಳಿಯಲ್ಲ. ವಾಕ್ಯ ಚಿಕ್ಕದಿರಲಿ, ತಿಂಗಳ ಹೆಸರು ಅಕ್ಷರದಲ್ಲಿರಲಿ:

'ನಮಸ್ಕಾರ. ಸ್ಕ್ರೀನ್‌ಶಾಟ್ ಕಳಿಸಿದ್ದಕ್ಕೆ ಧನ್ಯವಾದ. ಪಾರ್ಸೆಲ್ ಅಕ್ಟೋಬರ್ 11ರಂದು ಹೊರಡುತ್ತದೆ ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ಇದು ಸರಿಯೇ? ನಮಗೆ ಇದು ನವೆಂಬರ್ 5ರ ಒಳಗೆ ಬೇಕು. ಅಷ್ಟರಲ್ಲಿ ತಲುಪುವುದು ಕಷ್ಟವಾದರೆ ದಯವಿಟ್ಟು ಈಗಲೇ ತಿಳಿಸಬಹುದೇ?'

ನಾವು ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಅವರ ಮುಂದೆಯೇ ಇಟ್ಟಿದ್ದೇವೆ. ತಪ್ಪಿದ್ದರೆ ಅವರೇ ತಿದ್ದುತ್ತಾರೆ, ದೂರಿದ ಹಾಗೂ ಆಗಲ್ಲ.

ಆದರೆ 'ಪರವಾಗಿಲ್ಲ, ನಿಧಾನಕ್ಕೆ ಕಳಿಸಿ' ಅಂತ ಬರೆಯೋದು ಬೇಡ. ತಡಕ್ಕೆ ನಾವೇ ಒಪ್ಪಿದೆವು ಅಂತ ಆಮೇಲೆ ಅದನ್ನೇ ತೋರಿಸಬಹುದು. ಚಾಟ್‌ನಲ್ಲಿ ಎಷ್ಟೇ ಒಳ್ಳೆ ಮಾತಾಡಿದರೂ ಹಣ ವಾಪಸ್ ಕೇಳೋ ಗಡುವು ತಾನಾಗಿ ಮುಂದೆ ಹೋಗುತ್ತೆ ಅಂದುಕೊಳ್ಳಬೇಡಿ. ಆರ್ಡರ್ ಪುಟದಲ್ಲಿ ಆ ದಿನಾಂಕ ನೋಡಿ ಬರೆದಿಟ್ಟುಕೊಳ್ಳಿ. ಪಾರ್ಸೆಲ್ ಕೈಗೆ ಬರದೆ 'ತಲುಪಿದೆ' ಬಟನ್ ಒತ್ತಬೇಡಿ.