ಕೊಟ್ಟ ರಾಜೀನಾಮೆಯನ್ನು ವಾಪಸ್ ಪಡೆಯುವ ಪತ್ರ

1993ರ ಜನವರಿ 4ರಂದು ಬೆಂಗಳೂರಿನ ಬಿಇಎಂಎಲ್ ಸಂಸ್ಥೆಯ ಅಧಿಕಾರಿಯೊಬ್ಬರು ರಾಜೀನಾಮೆ ಕೊಟ್ಟರು. ಸಂಸ್ಥೆ ಅದನ್ನು ಅದೇ ದಿನ ಅಂಗೀಕರಿಸಿತು. ಆದರೆ ಜೊತೆಯಲ್ಲೇ ಇನ್ನೊಂದು ಪತ್ರವನ್ನೂ ಕೊಟ್ಟಿತು: 5ರಿಂದ 13ರವರೆಗೆ ನಿಮಗೆ ಸಾಂದರ್ಭಿಕ ರಜೆ ಮಂಜೂರಾಗಿದೆ, 14 ಹೇಗೂ ರಜಾ ದಿನ, 15ರಂದು ಕೆಲಸದ ಅವಧಿ ಮುಗಿದ ಮೇಲೆ ನಿಮ್ಮನ್ನು ಬಿಡುಗಡೆ ಮಾಡುತ್ತೇವೆ ಎಂದು. ಈ ನಡುವೆ, 8ನೇ ತಾರೀಖಿನಂದು, ಆ ಅಧಿಕಾರಿ ರಾಜೀನಾಮೆಯನ್ನು ವಾಪಸ್ ಪಡೆಯುತ್ತಿದ್ದೇನೆ ಎಂದು ಬರೆದುಕೊಟ್ಟರು. ಅಂಗೀಕಾರ ಆಗಿಹೋಗಿದೆ, ಇನ್ನು ಹಿಂದಕ್ಕೆ ಬರುವಂತಿಲ್ಲ ಎಂದಿತು ಸಂಸ್ಥೆ. ಹೈಕೋರ್ಟಿನಲ್ಲಿ ಅವರಿಗೆ ನ್ಯಾಯ ಸಿಗಲಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಅಂಗೀಕಾರದ ಪತ್ರ ಯಾವತ್ತು ಬಂದಿದ್ದರೂ ಸಂಸ್ಥೆ ಮತ್ತು ನೌಕರನ ಸಂಬಂಧ 15ರವರೆಗೆ ಉಳಿದೇ ಇತ್ತು. ಆ ಸಂಬಂಧ ಮುಗಿಯುವ ಮೊದಲೇ ವಾಪಸ್ ಪಡೆದಿದ್ದರಿಂದ ಅದು ಊರ್ಜಿತ ಎಂಬುದು ತೀರ್ಪಿನ ಸಾರ.

ರಾಜೀನಾಮೆ ಕೊಟ್ಟು ಪಶ್ಚಾತ್ತಾಪ ಪಡುತ್ತಿರುವವರು ಮೊದಲು ತಿಳಿದುಕೊಳ್ಳಬೇಕಾದ್ದು ಇದನ್ನೇ. ಮುಂದಿನ ಒಂದು ದಿನಾಂಕದಿಂದ ಜಾರಿಗೆ ಬರುವ ರಾಜೀನಾಮೆಯನ್ನು ಆ ದಿನಾಂಕಕ್ಕೆ ಮುಂಚೆ ಹಿಂಪಡೆಯಬಹುದು ಎಂಬ ತತ್ವ ನಮ್ಮಲ್ಲಿ 1978ರಿಂದ ಗಟ್ಟಿಯಾಗಿದೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು 1977ರ ಆಗಸ್ಟ್ 1ರಿಂದ ಜಾರಿಗೆ ಬರುವಂತೆ ಮೇ ತಿಂಗಳಲ್ಲೇ ರಾಜೀನಾಮೆ ಬರೆದು, ಜುಲೈನಲ್ಲಿ ಅದನ್ನು ಹಿಂಪಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತ್ತು. ಆದ್ದರಿಂದ ಕ್ಯಾಲೆಂಡರಿನಲ್ಲಿ ನೀವು ಗುರುತು ಮಾಡಬೇಕಾದ ದಿನ ರಾಜೀನಾಮೆ ಕೊಟ್ಟ ದಿನವಲ್ಲ, ಕೆಲಸದ ಕೊನೆಯ ದಿನ.

ಈ ತತ್ವಕ್ಕೆ ಎರಡು ಗಡಿಗಳಿವೆ. ಮೊದಲನೆಯದು ನಿಮ್ಮ ಮಾತನ್ನು ನಂಬಿ ಸಂಸ್ಥೆ ಆಗಲೇ ಮಾಡಿಕೊಂಡಿರುವ ಏರ್ಪಾಡು. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಪೈಲಟ್ ಒಬ್ಬರು 2017ರ ಜುಲೈನಲ್ಲಿ ಆರು ತಿಂಗಳ ನೋಟಿಸ್ ಕೊಟ್ಟು, ಅವಧಿ ಮುಗಿಯುವ ಹೊತ್ತಿಗೆ ಡಿಸೆಂಬರ್‌ನಲ್ಲಿ ರಾಜೀನಾಮೆ ವಾಪಸ್ ಪಡೆದರು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪೈಲಟ್‌ಗಳಿಗೆ ಅಷ್ಟು ಉದ್ದದ ನೋಟಿಸ್ ಇಟ್ಟಿರುವುದೇ ಇನ್ನೊಬ್ಬರನ್ನು ಸಿದ್ಧಪಡಿಸಲು ವಿಮಾನ ಸಂಸ್ಥೆಗೆ ಸಮಯ ಸಿಗಲಿ, ಪ್ರಯಾಣಿಕರಿಗೆ ತೊಂದರೆಯಾಗದಿರಲಿ ಎಂದು. ಹಾಗಿರುವಾಗ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವ ಹಕ್ಕಿಲ್ಲ ಎಂಬುದು ಅಲ್ಲಿನ ತರ್ಕ. ತಡಮಾಡಿದಷ್ಟೂ ನಿಮ್ಮ ನೆಲೆ ದುರ್ಬಲವಾಗುತ್ತದೆ ಎಂದೇ ನಾನು ಇದನ್ನು ಓದುತ್ತೇನೆ.

ಎರಡನೆಯ ಗಡಿ ನಮ್ಮಲ್ಲಿ ಹೆಚ್ಚಿನವರಿಗೆ ಸಂಬಂಧಿಸಿದ್ದು. ಮೇಲಿನ ಪ್ರಕರಣಗಳೆಲ್ಲ ನ್ಯಾಯಾಂಗ ಇಲ್ಲವೇ ಆಗ ಸರ್ಕಾರಿ ಸ್ವಾಮ್ಯದಲ್ಲಿದ್ದ ಸಂಸ್ಥೆಗಳವು. ಕೇಂದ್ರ ಸರ್ಕಾರಿ ನೌಕರರಿಗಂತೂ ಅಂಗೀಕಾರಕ್ಕೆ ಮುಂಚೆ ಲಿಖಿತವಾಗಿ ತಿಳಿಸಿದರೆ ರಾಜೀನಾಮೆ ತಾನಾಗಿಯೇ ಹಿಂಪಡೆದಂತೆ. ಅಂಗೀಕಾರವಾಗಿ, ಬಿಡುಗಡೆ ಇನ್ನೂ ಆಗದಿದ್ದರೆ ಸಾಮಾನ್ಯವಾಗಿ ಒಪ್ಪಬೇಕು ಎಂಬ ಸೂಚನೆಯೂ ಇದೆ. ಖಾಸಗಿ ಕಂಪನಿಯಲ್ಲಿ ಹೀಗಿಲ್ಲ. ಅಲ್ಲಿ ನಿಮ್ಮ ನೇಮಕಾತಿ ಪತ್ರವೇ ಕರಾರು. ವೈಯಕ್ತಿಕ ಸೇವೆಯ ಕರಾರನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಬಲವಂತದಿಂದ ಜಾರಿ ಮಾಡಿಸುವುದಿಲ್ಲ. ಕಾರ್ಮಿಕ ಕಾನೂನಿನ ವ್ಯಾಖ್ಯೆಗೆ ಒಳಪಡುವವರಿಗೆ ವಿವಾದ ಎತ್ತುವ ದಾರಿ ಇದೆ, ಮ್ಯಾನೇಜರ್ ಮಟ್ಟದವರಿಗೆ ಅದೂ ಕಷ್ಟ. ಹಾಗಾಗಿ ಖಾಸಗಿ ನೌಕರಿಯಲ್ಲಿ ಈ ಪತ್ರ ಕಂಪನಿಯ ಮನಸ್ಸನ್ನು ಒಲಿಸಬೇಕು. ಅದರ ಭಾಷೆಗೆ ಇಷ್ಟು ಮಹತ್ವ ಬರುವುದು ಅದಕ್ಕೇ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನಾಲ್ಕು ವರ್ಷದಿಂದ ಇರುವ ಒಬ್ಬಾಕೆ ಜೂನ್ 1ರಂದು ರಾಜೀನಾಮೆ ಕೊಟ್ಟಿದ್ದಾರೆ. ನೋಟಿಸ್ 60 ದಿನ, ಕೊನೆಯ ದಿನ ಜುಲೈ 31. ಜುಲೈ 6ರಂದು ಹೊಸ ಕಂಪನಿಯಿಂದ ಇಮೇಲ್ ಬರುತ್ತದೆ, ಆ ಹುದ್ದೆಯನ್ನೇ ಕೈಬಿಟ್ಟಿದ್ದೇವೆ ಎಂದು. ಗಾಬರಿಯಲ್ಲಿ ಅವರು ಬರೆದ ಮೊದಲ ಪತ್ರ ಹೀಗಿತ್ತು ಎಂದುಕೊಳ್ಳಿ: "ಕೆಲವು ವೈಯಕ್ತಿಕ ಕಾರಣಗಳಿಂದ ನನ್ನ ನಿರ್ಧಾರವನ್ನು ಮರುಪರಿಶೀಲಿಸುತ್ತಿದ್ದೇನೆ. ತಾವು ಒಪ್ಪಿದರೆ ಮುಂದುವರಿಯಲು ಇಷ್ಟಪಡುತ್ತೇನೆ. ನನ್ನ ಸಂಬಳದ ವಿಚಾರವನ್ನೂ ದಯವಿಟ್ಟು ಗಮನಿಸಬೇಕು."

ಈ ಪತ್ರದಲ್ಲಿ ರಾಜೀನಾಮೆ ವಾಪಸ್ ಆಗಿಯೇ ಇಲ್ಲ. 'ಮರುಪರಿಶೀಲಿಸುತ್ತಿದ್ದೇನೆ' ಎಂದರೆ ಇನ್ನೂ ತೀರ್ಮಾನಿಸಿಲ್ಲ ಎಂದರ್ಥ. 'ಒಪ್ಪಿದರೆ' ಎಂದಾಗ ಅದು ಬರೀ ಕೋರಿಕೆ. ಉತ್ತರ ಬಾರದೆ ಜುಲೈ 31 ಕಳೆದರೆ ಹಳೆಯ ರಾಜೀನಾಮೆಯೇ ಜಾರಿಗೆ ಬರುತ್ತದೆ. ಹಿಂಪಡೆಯುವುದು ಒಂದು ವಾಕ್ಯ, ಮುಂದುವರಿಸಿ ಎಂದು ಕೇಳುವುದು ಇನ್ನೊಂದು ವಾಕ್ಯ. ಎರಡನ್ನೂ ಬೆರೆಸಬಾರದು. ಮೊದಲನೆಯದು ಯಾವ ಷರತ್ತೂ ಇಲ್ಲದೆ ಖಚಿತವಾಗಿರಬೇಕು, ಎರಡನೆಯದು ವಿನಯದಿಂದಿರಬೇಕು. ಇನ್ನು ಸಂಬಳದ ಮಾತು ಬಂದ ಕೂಡಲೇ ಇಡೀ ರಾಜೀನಾಮೆಯೇ ಚೌಕಾಸಿಗಾಗಿ ಕೊಟ್ಟಿದ್ದು ಎಂಬ ಅನುಮಾನ ಹುಟ್ಟುತ್ತದೆ. ಆ ಅನುಮಾನ ಬಂದ ಮೇಲೆ ಯಾವ ಮೇಲಧಿಕಾರಿಯೂ ನಿಮ್ಮ ಪರ ಮಾತಾಡಲಾರರು.

ಪತ್ರ ಕಳಿಸುವ ಮುಂಚೆ ನೇರ ಮೇಲಧಿಕಾರಿಯನ್ನು ಕಂಡು ಮಾತಾಡುವುದು ಒಳ್ಳೆಯದು. ಆಗ ತಪ್ಪದೆ ಕೇಳಬೇಕಾದ ಪ್ರಶ್ನೆ ಒಂದಿದೆ: ನನ್ನ ಜಾಗಕ್ಕೆ ಯಾರಿಗಾದರೂ ಆಫರ್ ಲೆಟರ್ ಹೋಗಿದೆಯೇ? ಸಂದರ್ಶನ ಮಾತ್ರ ನಡೆದಿದ್ದರೆ ದಾರಿ ಸಲೀಸು. ಆಫರ್ ಹೋಗಿದ್ದರೆ ಅದೇ ಹುದ್ದೆ ಕೇಳುವುದಕ್ಕಿಂತ, ನಿಮಗೆ ಗೊತ್ತಿರುವ ಬೇರೆ ವಿಭಾಗವೊಂದನ್ನು ಹೆಸರಿಸಿ ಅಲ್ಲಿಗಾದರೂ ಸಿದ್ಧ ಎನ್ನುವುದು ವಾಸಿ. ಆದರೆ ಮಾತುಕತೆಯ ನೆಪದಲ್ಲಿ ಪತ್ರ ತಡವಾಗಬಾರದು.

ಆ ಹೆಣ್ಣುಮಗಳು ಜುಲೈ 8ರಂದು ಕಳಿಸಬಹುದಾದ ಪತ್ರ ಇದು:

"ವಿಷಯ: ಜೂನ್ 1ರಂದು ಸಲ್ಲಿಸಿದ ರಾಜೀನಾಮೆಯನ್ನು ಹಿಂಪಡೆದಿರುವ ಬಗ್ಗೆ.

ಮಾನ್ಯರೇ,

ಜೂನ್ 1ರಂದು ನಾನು ಸಲ್ಲಿಸಿದ ರಾಜೀನಾಮೆಯನ್ನು ಈ ಪತ್ರದ ಮೂಲಕ ಹಿಂಪಡೆಯುತ್ತಿದ್ದೇನೆ. ಅದರ ಪ್ರಕಾರ ನನ್ನ ಕೆಲಸದ ಕೊನೆಯ ದಿನ ಜುಲೈ 31 ಆಗಿದ್ದು, ನಾನು ಈಗಲೂ ಸೇವೆಯಲ್ಲಿದ್ದೇನೆ.

ನಾನು ಸೇರಬೇಕಿದ್ದ ಸಂಸ್ಥೆ ಆ ಹುದ್ದೆಯನ್ನು ಕೈಬಿಟ್ಟಿರುವುದಾಗಿ ಜುಲೈ 6ರಂದು ತಿಳಿಸಿದೆ. ನನ್ನ ರಾಜೀನಾಮೆಯಿಂದ ವಿಭಾಗಕ್ಕೆ ಆದ ತೊಂದರೆಗೆ ವಿಷಾದಿಸುತ್ತೇನೆ.

ಈಗಿನ ಹುದ್ದೆ, ಸಂಬಳ ಮತ್ತು ನಿಬಂಧನೆಗಳ ಮೇಲೆಯೇ, ಸೇವೆಯಲ್ಲಿ ಬಿಡುವಿಲ್ಲದಂತೆ ಮುಂದುವರಿಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಡಿಸೆಂಬರ್‌ನಲ್ಲಿ ನಡೆಯಲಿರುವ ಗ್ರಾಹಕರ ಆಡಿಟ್‌ನ ಸಿದ್ಧತೆಯನ್ನು ನಾನೇ ವಹಿಸಿಕೊಂಡು ಪೂರೈಸುತ್ತೇನೆ. ಸಹೋದ್ಯೋಗಿಗೆ ಈಗಾಗಲೇ ಒಪ್ಪಿಸಿರುವ ಕೆಲಸಗಳನ್ನು ತಮ್ಮ ಸೂಚನೆಯಂತೆ ಮರಳಿ ಪಡೆಯಲು ಸಿದ್ಧಳಿದ್ದೇನೆ.

ರಾಜೀನಾಮೆ ರದ್ದಾಗಿರುವುದನ್ನು ಜುಲೈ 20ರೊಳಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ."

ಮೇಲಧಿಕಾರಿ ಇದನ್ನು ಎಚ್ಆರ್ ವಿಭಾಗದ ಮುಂದೆ, ಅದರಾಚೆಗೆ ಕಾರ್ಖಾನೆಯ ಮುಖ್ಯಸ್ಥರ ಮುಂದೆ ಇಡಬೇಕು. ಅಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಇದೇ: ಇನ್ನೆರಡು ತಿಂಗಳಲ್ಲಿ ಮತ್ತೆ ಹೋಗುವುದಿಲ್ಲ ಎಂದು ಏನು ಖಾತ್ರಿ? ಜನ ಇದಕ್ಕೆ ಉತ್ತರವಾಗಿ 'ಇನ್ನು ಸಾಯುವವರೆಗೂ ಇಲ್ಲೇ ಇರುತ್ತೇನೆ' ಎಂಬಂತೆ ಬರೆಯುತ್ತಾರೆ. ಅದನ್ನು ಯಾರೂ ನಂಬುವುದಿಲ್ಲ. ಹೆಸರು, ತಿಂಗಳು ಇರುವ ಒಂದು ಕೆಲಸದ ಹೊಣೆ ಹೊತ್ತರೆ ನಂಬುತ್ತಾರೆ. ಡಿಸೆಂಬರ್ ಆಡಿಟ್‌ನ ಸಾಲು ಅದಕ್ಕಾಗಿಯೇ ಇದೆ. ಕಂಪನಿಯೇ 'ಒಂದು ವರ್ಷ ಇರುತ್ತೇನೆಂದು ಬರೆದುಕೊಡಿ' ಎಂದರೆ ಯೋಚಿಸಬಹುದು. ನೀವಾಗಿಯೇ ಬಾಂಡ್ ಬರೆದುಕೊಡುವುದು, ಸಂಬಳ ಕಡಿಮೆಯಾದರೂ ಸರಿ ಎನ್ನುವುದು ಬೇಡ.

ಕಾರಣವನ್ನು ನಿಜವಾಗಿ, ಒಂದೇ ವಾಕ್ಯದಲ್ಲಿ ಹೇಳಬೇಕು. ತಾಯಿಗೆ ಹುಷಾರಿಲ್ಲ ಎಂದೋ ಮನೆಯಲ್ಲಿ ಸಮಸ್ಯೆ ಎಂದೋ ಬರೆದು ಮುಚ್ಚಿಡಲು ಹೋಗಬೇಡಿ. ಒಂದೇ ಉದ್ಯಮದ ಎಚ್ಆರ್ ಸಿಬ್ಬಂದಿ ಪರಸ್ಪರ ಪರಿಚಿತರು. ಸತ್ಯ ಆಮೇಲೆ ಹೊರಬಿದ್ದರೆ ಉಳಿಸಿಕೊಂಡ ಕೆಲಸದಲ್ಲೂ ಮುಖ ಎತ್ತಿ ಓಡಾಡುವುದು ಕಷ್ಟ.

'ಸೇವೆಯಲ್ಲಿ ಬಿಡುವಿಲ್ಲದಂತೆ' ಎಂಬ ಮಾತನ್ನು ಬಿಡಬೇಡಿ. ಕೆಲವು ಕಂಪನಿಗಳು ಜುಲೈ 31ಕ್ಕೆ ಬಿಡುಗಡೆ ಮಾಡಿ ಆಗಸ್ಟ್‌ನಲ್ಲಿ ಹೊಸದಾಗಿ ನೇಮಿಸಿಕೊಳ್ಳುತ್ತೇವೆ ಎನ್ನುತ್ತವೆ. ಕೇಳಲು ಎರಡೂ ಒಂದೇ. ಆದರೆ ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಬೇಕು. ನಾಲ್ಕು ವರ್ಷ ದುಡಿದವರಿಗೆ ಹೊಸ ನೇಮಕ ಎಂದರೆ ಲೆಕ್ಕ ಮತ್ತೆ ಮೊದಲಿನಿಂದ.

ರಾಜೀನಾಮೆ ಯಾರಿಗೆ ಕೊಟ್ಟಿದ್ದಿರೋ ಈ ಪತ್ರವೂ ಅವರಿಗೇ ಹೋಗಬೇಕು, ಎಚ್ಆರ್‌ಗೆ ಪ್ರತಿ ಇರಬೇಕು. ಕಂಪನಿಯ ಪೋರ್ಟಲ್‌ನಲ್ಲಿ ಹಿಂಪಡೆಯುವ ಗುಂಡಿ ಇದ್ದರೆ ಒತ್ತಿ. ಮ್ಯಾನೇಜರ್ ಒಪ್ಪಿಗೆ ಕೊಟ್ಟ ಮೇಲೆ ಅದು ಎಷ್ಟೋ ಕಡೆ ಮಾಯವಾಗಿರುತ್ತದೆ. ಅಂಥಲ್ಲಿ ಇಮೇಲೇ ಆಧಾರ. ಅದರ ಪ್ರತಿಯನ್ನು ಕಂಪನಿಯ ನಿಯಮಕ್ಕೆ ಅಡ್ಡಿಯಾಗದಂತೆ ನಿಮ್ಮ ಬಳಿಯೂ ಇಟ್ಟುಕೊಳ್ಳಿ, ಏಕೆಂದರೆ ಕೊನೆಯ ದಿನ ನಿಮ್ಮ ಕಚೇರಿ ಇಮೇಲ್ ತಾನಾಗಿ ಮುಚ್ಚಿಕೊಳ್ಳಬಹುದು.

ಹೆಚ್ಚಿನವರು ಎಡವುವುದು ಇದಾದ ಮೇಲೆ. 'ಆಯ್ತು, ಇರಿ, ನಾನು ಮಾತಾಡಿದ್ದೇನೆ' ಎಂದು ಸಾಹೇಬರು ಹೇಳುತ್ತಾರೆ, ಇವರು ನಿಶ್ಚಿಂತರಾಗುತ್ತಾರೆ. ಬಾಯಿಮಾತಿನ ಒಪ್ಪಿಗೆ ಸಂಬಳದ ವಿಭಾಗವನ್ನು ತಲುಪಿರುವುದಿಲ್ಲ. ಲ್ಯಾಪ್‌ಟಾಪ್, ಗುರುತಿನ ಚೀಟಿ ಒಪ್ಪಿಸಿ ಎಂಬ ಸಂದೇಶ ಬರುತ್ತಿದ್ದರೆ, ಪೋರ್ಟಲ್‌ನಲ್ಲಿ ಕೊನೆಯ ದಿನಾಂಕ ಹಾಗೇ ಕಾಣುತ್ತಿದ್ದರೆ, ಆ ತಿಂಗಳ ಸಂಬಳವನ್ನು ಅಂತಿಮ ಲೆಕ್ಕಕ್ಕೆಂದು ತಡೆಹಿಡಿದಿದ್ದರೆ ನಿಮ್ಮ ರಾಜೀನಾಮೆ ಇನ್ನೂ ಜೀವಂತವಿದೆ ಎಂದೇ ತಿಳಿಯಬೇಕು. ಅಂದೇ ಆ ಮಾತನ್ನು ಬರಹಕ್ಕಿಳಿಸಿ: "ಇಂದು ತಾವು ತಿಳಿಸಿದಂತೆ ನನ್ನ ರಾಜೀನಾಮೆ ರದ್ದಾಗಿದ್ದು, ಜುಲೈ 31ರ ನಂತರವೂ ಸೇವೆಯಲ್ಲಿ ಮುಂದುವರಿಯುತ್ತಿದ್ದೇನೆ. ಎಚ್ಆರ್ ದಾಖಲೆಗಳಲ್ಲಿ ಇದನ್ನು ಸರಿಪಡಿಸಬೇಕಾಗಿ ಕೋರುತ್ತೇನೆ." ಒಪ್ಪಿಗೆಯ ಪತ್ರ ಕೈಗೆ ಬಂದ ಮೇಲೂ ಒಂದೆರಡು ತಿಂಗಳು ಭವಿಷ್ಯನಿಧಿಯ ಪಾಸ್‌ಬುಕ್ ನೋಡುತ್ತಿರಿ. ಆಗಸ್ಟ್ ತಿಂಗಳ ವಂತಿಗೆ ಜಮೆಯಾಗಿರಬೇಕು, ಸೇವಾ ವಿವರದಲ್ಲಿ ಕೆಲಸ ಬಿಟ್ಟ ದಿನಾಂಕದ ಜಾಗ ಖಾಲಿ ಇರಬೇಕು. ಅಲ್ಲಿ ಜುಲೈ 31 ಎಂದು ನಮೂದಾಗಿದ್ದರೆ ಅದನ್ನು ತಿದ್ದಿಸಬೇಕು. ಒಪ್ಪಿಗೆ ಪತ್ರದ ಪ್ರತಿಯನ್ನು ಲಗತ್ತಿಸಿ ಎಚ್ಆರ್‌ಗೆ ಬರೆಯಿರಿ.