ರಾಜೀನಾಮೆ ಕೊಟ್ಟ ದಿನ, ಕ್ಲಬ್ಬಿಗೆ ತಲುಪಿದ ದಿನ

ಬೆಂಗಳೂರು ಕ್ಲಬ್ಬಿನ 1899ರ ನಡಾವಳಿ ಪುಸ್ತಕದಲ್ಲಿ ಬಾಕಿದಾರರ ಪಟ್ಟಿಯೊಂದಿದೆ. ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಎಂದು ಬರೆದಿದೆ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಇವರೇ. ಸದಸ್ಯ ಊರು ಬಿಟ್ಟು ಹೋದರೂ ಲೆಕ್ಕದ ಪುಸ್ತಕ ಅವನನ್ನು ಬಿಡುವುದಿಲ್ಲ ಎಂಬುದಕ್ಕೆ ಈ ಸಾಲಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನನ್ನ ಸೋದರಮಾವ ಹನ್ನೆರಡು ವರ್ಷ ಒಂದು ಕ್ಲಬ್ಬಿನ ಸದಸ್ಯರಾಗಿದ್ದರು. ಮಂಡಿನೋವು ಹೆಚ್ಚಿ ಷಟಲ್ ಆಡುವುದು ನಿಂತಿತು. ಮಾರ್ಚ್ 18ರಂದು ರಾಜೀನಾಮೆ ಪತ್ರ ಬರೆದು, ಮುಂಬಾಗಿಲ ಕೌಂಟರಿನಲ್ಲಿದ್ದ ಹುಡುಗನ ಕೈಗೆ ಕೊಟ್ಟು ಬಂದರು. ಕ್ಯಾಂಟೀನಿನ ಬಾಕಿ 1,840 ರೂಪಾಯಿ ಇತ್ತು. ಹೇಗಿದ್ದರೂ ತಮ್ಮ 5,000 ರೂಪಾಯಿ ಠೇವಣಿ ಕ್ಲಬ್ಬಿನಲ್ಲೇ ಇದೆ, ಅದರಲ್ಲೇ ಹಿಡಿದುಕೊಳ್ಳುತ್ತಾರೆ ಅಂದುಕೊಂಡರು. ಏಪ್ರಿಲ್‌ನಲ್ಲಿ ಮನೆಗೆ ಬಂದದ್ದು ಹೊಸ ವರ್ಷದ ಬಿಲ್ಲು: ವಾರ್ಷಿಕ ಶುಲ್ಕ 6,000, ಅದರ ಮೇಲೆ ಶೇ 18ರಂತೆ ಜಿಎಸ್‌ಟಿ 1,080, ಒಟ್ಟು 7,080 ರೂಪಾಯಿ.

ವಿಚಾರಿಸಿದಾಗ ಕಚೇರಿಯವರು ಬೈಲಾ ತೆಗೆದು ತೋರಿಸಿದರು. ರಾಜೀನಾಮೆ ಮಾರ್ಚ್ 31ರ ಒಳಗೆ ಕಾರ್ಯದರ್ಶಿಯ ಕೈ ಸೇರಬೇಕು, ಬಾಕಿ ಪೂರ್ತಿ ತೀರಿಸಿರಬೇಕು, ಆಮೇಲೆ ಆಡಳಿತ ಸಮಿತಿ ಅಂಗೀಕರಿಸಬೇಕು. ಮಾವನ ಪತ್ರ ಆವಕ ಪುಸ್ತಕಕ್ಕೆ ಏರಿದ್ದು ಏಪ್ರಿಲ್ 4ರಂದು. ಮಾರ್ಚ್‌ನಲ್ಲೇ ಕೊಟ್ಟಿದ್ದೆ ಎನ್ನಲು ಮಾವನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಕೊನೆಗೆ 7,080ಕ್ಕೆ 1,840 ಸೇರಿ 8,920 ಆಯಿತು. ಠೇವಣಿ ಕಳೆದು ಇನ್ನೂ 3,920 ರೂಪಾಯಿ ಕೈಯಿಂದ ಕಟ್ಟಿ ಹೊರಬಂದರು. ಮೊದಲೇ 1,840 ಕಟ್ಟಿ, ಪತ್ರದ ಪ್ರತಿಗೆ ಮೊಹರು ಹಾಕಿಸಿಕೊಂಡಿದ್ದರೆ ಆ 5,000 ಪೂರ್ತಿ ವಾಪಸ್ ಬರುತ್ತಿತ್ತು.

ನಮ್ಮ ರಾಜ್ಯದ ಬಹುಪಾಲು ಕ್ಲಬ್ಬುಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತ ಸಂಘಗಳು. ಸೇರುವಾಗ ಅವುಗಳ ಬೈಲಾಕ್ಕೆ ಒಪ್ಪಿ ಸಹಿ ಹಾಕಿರುತ್ತೇವೆ, ಬಿಡುವಾಗಲೂ ಅದೇ ಬೈಲಾ ನಡೆಯುತ್ತದೆ. ಅದರಲ್ಲಿ ಮೊದಲು ಹುಡುಕಬೇಕಾದದ್ದು, ರಾಜೀನಾಮೆ ಯಾವ ದಿನದಿಂದ ಜಾರಿಗೆ ಬರುತ್ತದೆ ಎಂಬ ಸಾಲನ್ನು. ಕೆಲವು ಕಡೆ ಪತ್ರ ತಲುಪಿದ ದಿನವೇ ಸದಸ್ಯತ್ವ ಮುಗಿಯುತ್ತದೆ. ಇನ್ನು ಕೆಲವು ಕಡೆ ಸಮಿತಿ ಅಂಗೀಕರಿಸಿದ ದಿನ. ಎರಡನೆಯ ಬಗೆಯಾದರೆ ಸಮಿತಿಯ ಸಭೆ ಯಾವಾಗ ಎಂದು ಕೇಳಿ, ಅದಕ್ಕೆ ಮುಂಚೆಯೇ ಪತ್ರ ಕೊಡಬೇಕು. ವರ್ಷದ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುವ ಕ್ಲಬ್ಬಿನಲ್ಲಿ ಫೆಬ್ರವರಿಯೇ ಸರಿಯಾದ ಹೊತ್ತು.

ಸಮಿತಿಯ ಒಪ್ಪಿಗೆ ಎಂದೊಡನೆ ಕಾರಣ ವಿವರಿಸಬೇಕೇನೋ ಎಂದು ಹಲವರು ಹಿಂಜರಿಯುತ್ತಾರೆ. ಸಾಮಾನ್ಯವಾಗಿ ಸಮಿತಿ ನೋಡುವುದು ಬಾಕಿ ಇದೆಯೇ, ಸದಸ್ಯರ ಮೇಲೆ ಶಿಸ್ತಿನ ವಿಚಾರಣೆ ನಡೆಯುತ್ತಿದೆಯೇ ಎಂಬುದನ್ನು. ಪತ್ರ ಚಿಕ್ಕದಿದ್ದಷ್ಟೂ ಒಳ್ಳೆಯದು: “ನನ್ನ ಸದಸ್ಯತ್ವಕ್ಕೆ ಮಾರ್ಚ್ 31ರಿಂದ ಜಾರಿಯಾಗುವಂತೆ ರಾಜೀನಾಮೆ ನೀಡುತ್ತಿದ್ದೇನೆ. ಈವರೆಗಿನ ಬಾಕಿ ಪಾವತಿಸಿದ್ದೇನೆ, ರಸೀದಿ ಲಗತ್ತಿಸಿದೆ. ಠೇವಣಿ ಹಿಂತಿರುಗಿಸಿ, ಅಂಗೀಕಾರ ಪತ್ರ ಕಳುಹಿಸಬೇಕಾಗಿ ಕೋರುತ್ತೇನೆ.” ಸದಸ್ಯತ್ವದ ಸಂಖ್ಯೆ ಬರೆದು, ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖಿನ ಮೊಹರು ಹಾಕಿಸಿಕೊಳ್ಳಿ. ಖುದ್ದಾಗಿ ಹೋಗಲಾಗದಿದ್ದರೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಹೆಂಡತಿ ಮಕ್ಕಳ ಹೆಸರಿನ ಕಾರ್ಡು, ಲಾಕರ್ ಕೀಲಿ ಒಪ್ಪಿಸಿದ್ದಕ್ಕೂ ಸಹಿ ಪಡೆಯಿರಿ. ಪ್ರವೇಶ ಶುಲ್ಕ ವಾಪಸ್ ಬರುವ ಮೊತ್ತವಲ್ಲ. ಬರುವುದಿದ್ದರೆ ಠೇವಣಿ ಮಾತ್ರ, ಅದಕ್ಕೆ ಮೂಲ ರಸೀದಿ ಕೇಳುವ ಕಡೆಗಳೂ ಉಂಟು. ಗ್ರಂಥಾಲಯದಲ್ಲೂ ಹೀಗೆಯೇ: ಪುಸ್ತಕ, ಕಾರ್ಡು ಒಪ್ಪಿಸಿ ಬಾಕಿ ಇಲ್ಲವೆಂದು ಬರೆಸಿಕೊಂಡ ಮೇಲೆ ಠೇವಣಿಯ ಮಾತು.

ಶುಲ್ಕ ಕಟ್ಟುವುದನ್ನು ನಿಲ್ಲಿಸಿದರೆ ಸಾಕು, ಹೆಸರು ತಾನಾಗಿ ಹೋಗುತ್ತದೆ ಎನ್ನುವವರಿದ್ದಾರೆ. ಹೆಸರೇನೋ ಹೋಗುತ್ತದೆ, ಆದರೆ ಬಾಕಿದಾರನೆಂದು ಸೂಚನಾ ಫಲಕದ ಮೇಲೆ ಏರಿದ ನಂತರ. ಕೆಲವು ಬೈಲಾಗಳಲ್ಲಿ ಆ ಬಾಕಿ ನಿಮ್ಮನ್ನು ಸೇರಿಸಲು ಸಹಿ ಹಾಕಿದ ಸ್ನೇಹಿತರ ತಲೆಗೂ ಸುತ್ತಿಕೊಳ್ಳುತ್ತದೆ. ವರ್ಗಾವಣೆಯೋ ಅನಾರೋಗ್ಯವೋ ಕಾರಣವಾದರೆ, ಕಡಿಮೆ ಶುಲ್ಕದ ಗೈರುಹಾಜರಿ ಸದಸ್ಯತ್ವ ಇದೆಯೇ ಎಂದು ಮೊದಲು ಕೇಳಿ.

ಆರು ತಿಂಗಳ ಬಳಿಕ ಮಾವ ಗ್ರಂಥಾಲಯದ ಸದಸ್ಯತ್ವವನ್ನೂ ಬಿಟ್ಟರು. ಈ ಸಲ ಮೊಹರು ಬಿದ್ದ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡ ಮೇಲೆಯೇ ಕೌಂಟರಿನಿಂದ ಕದಲಿದ್ದು.